ಬಿಡಿ ರಿಂಗೋ, ಸುರುಳಿಯೋ? ಎರಡನ್ನೂ ಕಟ್ಟಿ ನೋಡಿದೆ

ದುಂಡು ಕಂಬಕ್ಕೆ ಕಂಬಿ ಸುತ್ತುವಾಗ ಎರಡು ದಾರಿ ಇವೆ. ಒಂದೊಂದೇ ರಿಂಗ್ ಬಾಗಿಸಿ ಕಟ್ಟಬಹುದು. ಇಲ್ಲ ಅಂದ್ರೆ ಸ್ಪ್ರಿಂಗ್ ಥರ ಒಂದೇ ಸುರುಳಿ ಸುತ್ತಬಹುದು. ಸುರುಳಿಯಲ್ಲಿ ಹುಕ್ ಇರಲ್ಲ, ಹಾಗಾಗಿ ಕಂಬಿ ಉಳಿಯುತ್ತೆ ಅಂತ ಬಹಳ ಜನ ಹೇಳ್ತಾರೆ. ಸುರುಳಿ ಓರೆಯಾಗಿ ಹೋಗುತ್ತಲ್ಲ, ಅದಕ್ಕೆ ಜಾಸ್ತಿ ಕಂಬಿ ಬೇಕು ಅಂತ ಹೇಳುವವರೂ ಇದ್ದಾರೆ. ಒಂದೇ ಅಳತೆಯ ಎರಡು ಕಂಬಗಳಿಗೆ ನಾನು ಎರಡೂ ರೀತಿ ಕಟ್ಟಿಸಿ, ಟೇಪ್ ಹಿಡಿದು ಅಳೆದೆ.

ಕಂಬದ ವ್ಯಾಸ 450 ಮಿ.ಮೀ, ಎತ್ತರ 3 ಮೀಟರ್, ಕವರ್ ಅಂದರೆ ಕಂಬಿಯ ಹೊರಗೆ ಬರುವ ಕಾಂಕ್ರೀಟಿನ ದಪ್ಪ 40 ಮಿ.ಮೀ, ಸುತ್ತುವ ಕಂಬಿ 8 ಮಿ.ಮೀ. ಮೊದಲು ಬೇಕಾಗಿರುವುದು ಕಂಬಿಯ ನಡು ಗೆರೆಯ ವ್ಯಾಸ. ಕವರನ್ನು ಎರಡೂ ಬದಿ ಕಳೆಯಬೇಕು, ಆಮೇಲೆ ಕಂಬಿಯ ದಪ್ಪವನ್ನು ಒಂದು ಸಲ ಕಳೆಯಬೇಕು. 450 ರಿಂದ 80 ಹೋದರೆ 370, ಅದರಿಂದ 8 ಹೋದರೆ 362. ಇದರ ಸುತ್ತಳತೆ 1137 ಮಿ.ಮೀ.

ಇಲ್ಲೇ ಬಹಳ ಜನ ಎಡವುತ್ತಾರೆ. ಕವರನ್ನು ಒಂದೇ ಬದಿ ಕಳೆದರೆ ರಿಂಗ್ 126 ಮಿ.ಮೀ ಉದ್ದವಾಗುತ್ತೆ. ಲೆಕ್ಕದ ಹಾಳೆಯಲ್ಲಿ ಇದು ಕಾಣಲ್ಲ. ಶಟರಿಂಗ್ ಮುಚ್ಚುವಾಗ ಗೊತ್ತಾಗುತ್ತೆ, ಕವರ್ ಬ್ಲಾಕ್ ಒಳಗೆ ಹೋಗೋದೇ ಇಲ್ಲ. ಕಂಬಿಯ ದಪ್ಪ ಕಳೆಯೋದನ್ನು ಮರೆತರೆ ತಪ್ಪು ಸಣ್ಣದು, ರಿಂಗಿಗೆ 25 ಮಿ.ಮೀ ಅಷ್ಟೇ.

ಬಿಡಿ ರಿಂಗಿನ ಲೆಕ್ಕ ಸುಲಭ. ನನ್ನ ಡ್ರಾಯಿಂಗಿನಲ್ಲಿ ಪ್ರತಿ ತುದಿಗೆ ಕಂಬಿಯ 10 ಪಟ್ಟು ಹುಕ್ ಇತ್ತು. ಎರಡು ತುದಿಗೆ 160 ಮಿ.ಮೀ. ಹಾಗಾಗಿ ಒಂದು ರಿಂಗಿಗೆ 1297 ಮಿ.ಮೀ. ಅಂತರ 150 ಮಿ.ಮೀ ಇದ್ದರೆ 21 ರಿಂಗ್ ಬೇಕು. 20 ಅಲ್ಲ, ಮೊದಲನೆಯದನ್ನೂ ಎಣಿಸಬೇಕು. ಒಟ್ಟು 27.2 ಮೀಟರ್ ಆಯ್ತು.

ಸುರುಳಿಗೆ ಒಂದು ಸುತ್ತಿನ ಉದ್ದ ಹೀಗೆ ಬರುತ್ತೆ. D ಅಂದ್ರೆ ನಡು ಗೆರೆಯ ವ್ಯಾಸ, p ಅಂದ್ರೆ ಒಂದು ಸುತ್ತಿನಿಂದ ಮುಂದಿನ ಸುತ್ತಿಗೆ ಇರುವ ಅಂತರ, ಅಂದರೆ ಪಿಚ್.

```
L = sqrt((π × D)² + p²)
```

ಸುರುಳಿಯನ್ನು ಬಿಚ್ಚಿ ನೆಲದ ಮೇಲೆ ಹಾಸಿದಂತೆ ಊಹಿಸಿಕೊಳ್ಳಿ. ಸುತ್ತಳತೆ ಒಂದು ಬದಿ, ಪಿಚ್ ಇನ್ನೊಂದು ಬದಿ, ಕಂಬಿ ಓರೆ ಗೆರೆ. 150 ಪಿಚ್‌ಗೆ ಇದು 1147 ಮಿ.ಮೀ. ಅಂದರೆ ಓರೆಯಾಗಿ ಹೋಗಿದ್ದಕ್ಕೆ ಸುತ್ತಿಗೆ ಹತ್ತೇ ಮಿಲಿಮೀಟರ್ ಜಾಸ್ತಿ. ಇಷ್ಟಕ್ಕೆ ಅಷ್ಟೊಂದು ವಾದ ಮಾಡ್ತಿದ್ವಲ್ಲ ಅಂತ ನಗು ಬಂತು.

20 ಸುತ್ತಿಗೆ 22.9 ಮೀಟರ್. ನೋಡಿದರೆ ಸುರುಳಿ ಗೆದ್ದಂತೆ ಕಾಣುತ್ತೆ, ಅಲ್ವಾ? ಆದರೆ ಹುಕ್ ಇಲ್ಲದ ಸುರುಳಿಗೆ ಕೆಳಗೂ ಮೇಲೂ ಹಿಡಿತ ಬೇಕು. ಅದಕ್ಕೆ ಪ್ರತಿ ಕೊನೆಯಲ್ಲಿ ಒಂದೂವರೆ ಸುತ್ತು ಸುಮ್ನೆ ಚಪ್ಪಟೆಯಾಗಿ ಸುತ್ತಿದ್ವಿ. ಅದು 3.4 ಮೀಟರ್. ಮತ್ತೆ ನಮಗೆ ಸಿಕ್ಕಿದ್ದು 12 ಮೀಟರ್ ಕಂಬಿ. ಇಷ್ಟು ಉದ್ದಕ್ಕೆ ಮೂರು ಕಂಬಿ ಸೇರಿಸಬೇಕು, ಅಂದರೆ ತುದಿಗಳು ಒಂದರ ಪಕ್ಕ ಒಂದು ಸಾಗುವ ಲ್ಯಾಪ್ ಎರಡು. ಡ್ರಾಯಿಂಗಿನ ಪ್ರಕಾರ ಲ್ಯಾಪ್ ಕಂಬಿಯ 48 ಪಟ್ಟು, 384 ಮಿ.ಮೀ. ಎಲ್ಲ ಕೂಡಿದರೆ 27.1 ಮೀಟರ್. ಬಿಡಿ ರಿಂಗಿಗೂ ಇದಕ್ಕೂ ಹತ್ತು ಸೆಂಟಿಮೀಟರ್ ವ್ಯತ್ಯಾಸ!

ಆದರೆ ಒಂದು ಮಾತು ಹೇಳಲೇಬೇಕು. 150 ಪಿಚ್‌ನಲ್ಲಿ ಸುರುಳಿ ಸುತ್ತಿದರೆ ಅದು ಸುರುಳಿಯ ಕೆಲಸ ಮಾಡಲ್ಲ. ಒಳಗಿನ ಕಾಂಕ್ರೀಟನ್ನು ಬಿಗಿಯಾಗಿ ಅಪ್ಪಿಕೊಳ್ಳಬೇಕಾದರೆ ಸುತ್ತುಗಳು ಹತ್ತಿರ ಇರಬೇಕು. ಹಾಗಾಗಿ ಎರಡನೇ ಸಲ 60 ಮಿ.ಮೀ ಪಿಚ್‌ಗೆ ಲೆಕ್ಕ ಹಾಕಿದೆ. ಓರೆಯಿಂದ ಆಗುವ ಹೆಚ್ಚಳ ಸುತ್ತಿಗೆ ಎರಡು ಮಿಲಿಮೀಟರ್‌ಗಿಂತ ಕೆಳಗೆ ಇಳಿಯಿತು. 50 ಸುತ್ತು, ಕೊನೆಯ ಸುತ್ತುಗಳು, ಐದು ಲ್ಯಾಪ್ ಸೇರಿ 62.3 ಮೀಟರ್. ಅದೇ ಅಂತರಕ್ಕೆ 51 ಬಿಡಿ ರಿಂಗ್ ಮಾಡಿದರೆ 66.1 ಮೀಟರ್. ಈಗ ಸುರುಳಿ ನಿಜಕ್ಕೂ ಉಳಿಸಿತು, ಯಾಕಂದರೆ ಪ್ರತಿ ರಿಂಗಿನಲ್ಲೂ ಹುಕ್ ಸೇರುತ್ತೆ, ಸುರುಳಿಯ ಕೊನೆಯ ಸುತ್ತುಗಳು ಮಾತ್ರ ಎಷ್ಟೇ ಸುತ್ತಿದರೂ ಅಷ್ಟೇ.

ಆದರೂ ಎರಡಕ್ಕೂ ಆರು ಕಂಬಿಯೇ ಬೇಕಾಯ್ತು. ವ್ಯತ್ಯಾಸ ಇದ್ದಿದ್ದು ಉಳಿದ ತುಂಡಿನಲ್ಲಿ. ಸುರುಳಿಯಲ್ಲಿ 9.7 ಮೀಟರ್‌ನ ಒಂದೇ ತುಂಡು ಉಳಿಯಿತು, ಮುಂದಿನ ಕಂಬಕ್ಕೆ ನೇರ ಹೋಯ್ತು. ರಿಂಗಿನಲ್ಲಿ ಒಂದು 4.2 ಮೀಟರ್ ತುಂಡು, ಜೊತೆಗೆ ಮೂವತ್ಮೂರು ಸೆಂಟಿಮೀಟರ್‌ನ ಐದು ಚೂರು. ಆ ಚೂರುಗಳು ಗುಜರಿಗೇ.

ಕಟ್ಟೋದರಲ್ಲಿ ಸುರುಳಿ ತೊಂದರೆ ಕೊಡುತ್ತೆ. ಡ್ರಮ್ಮಿನ ಮೇಲೆ ಸುತ್ತಿ ಬಿಟ್ಟ ಕೂಡಲೇ ಕಂಬಿ ಹಿಂದಕ್ಕೆ ಚಿಮ್ಮಿ ಅಗಲವಾಗುತ್ತೆ. ಹಾಗಾಗಿ ಡ್ರಮ್ ಬೇಕಾದ ವ್ಯಾಸಕ್ಕಿಂತ ಸ್ವಲ್ಪ ಸಣ್ಣದಿರಬೇಕು. ಮೇಲೆತ್ತುವಾಗ ಸುರುಳಿ ತನ್ನ ಭಾರಕ್ಕೇ ಜಗ್ಗುತ್ತೆ, ಮೇಲೆ ಪಿಚ್ ಜಾಸ್ತಿ, ಕೆಳಗೆ ಕಡಿಮೆ ಆಗುತ್ತೆ. ಕಟ್ಟಿದ ಮೇಲೆ ಮೇಲೊಂದು ಮೀಟರ್, ಕೆಳಗೊಂದು ಮೀಟರ್ ತೆಗೆದುಕೊಂಡು ಸುತ್ತು ಎಣಿಸಿ. ಎಣಿಕೆ ಹೊಂದಬೇಕು.

ಇನ್ನು ದುಂಡು ಟ್ಯಾಂಕಿನ ಗೋಡೆ. ಒಳ ವ್ಯಾಸ 6 ಮೀಟರ್, ಗೋಡೆ ದಪ್ಪ 200 ಮಿ.ಮೀ, ಎತ್ತರ 3 ಮೀಟರ್, ಎರಡೂ ಮುಖಕ್ಕೆ 10 ಮಿ.ಮೀ ಕಂಬಿ, ಅಂತರ 150. ಇಲ್ಲಿ ಓರೆಯ ಲೆಕ್ಕವನ್ನು ಮರೆತೇಬಿಡಿ. ಇಷ್ಟು ದೊಡ್ಡ ಸುತ್ತಿಗೆ ಅದು ಒಂದು ಮಿಲಿಮೀಟರೂ ಬರಲ್ಲ. ನೀರಿನ ಒತ್ತಡಕ್ಕೆ ರಿಂಗ್ ಎಳೆತದಲ್ಲಿರುತ್ತೆ, ಹಾಗಾಗಿ ಲ್ಯಾಪೇ ಇಲ್ಲಿ ಮುಖ್ಯ. ನಮಗೆ ಕೊಟ್ಟಿದ್ದು ಕಂಬಿಯ 60 ಪಟ್ಟು, 600 ಮಿ.ಮೀ. ಒಂದು ಸುತ್ತಿಗೆ ಎರಡು ತುಂಡು, ಎರಡು ಲ್ಯಾಪ್.

ಒಳ ಮುಖಕ್ಕೆ ವ್ಯಾಸ 6000 ಜೊತೆ 80, ಜೊತೆ 10, ಅಂದರೆ 6090. ಗಮನಿಸಿ, ಇಲ್ಲಿ ಕವರ್ ಕೂಡಬೇಕು, ಕಳೆಯಬಾರದು. ಲ್ಯಾಪ್ ಸೇರಿ ಪ್ರತಿ ತುಂಡು 10.17 ಮೀಟರ್. ಹೊರ ಮುಖಕ್ಕೆ 6400 ರಿಂದ 80 ಮತ್ತು 10 ಕಳೆದು 6310. ಪ್ರತಿ ತುಂಡು 10.51 ಮೀಟರ್.

ನಾನು ಮಾಡಿದ ತಪ್ಪು ಇದೇ. ಮೂವತ್ತೈದು ಸೆಂಟಿಮೀಟರ್ ತಾನೆ ಅಂತ 84 ತುಂಡನ್ನೂ ಒಳ ಮುಖದ ಅಳತೆಗೇ ಕತ್ತರಿಸಿಬಿಟ್ಟೆ. ಹೊರಗಿನ ಮೊದಲ ಸುತ್ತು ಕಟ್ಟುವಾಗ ಲ್ಯಾಪ್ 600 ಬದಲು 254 ಮಿ.ಮೀ ಬಂತು. ಕಂಬಿ ಬಾಗಿಸುವವನು, “ಸಾರ್, ಇದು ಒಂದು ಗೇಣು ಚಿಲ್ಲರೆ ಅಷ್ಟೇ ಇದೆ” ಅಂತ ಕೂಗಿದ. ಪುಣ್ಯಕ್ಕೆ ಕಾಂಕ್ರೀಟ್ ಇನ್ನೂ ಹಾಕಿರಲಿಲ್ಲ. ಪ್ರತಿ ಸುತ್ತಿಗೆ ಒಂದು ಗಿಡ್ಡ ತುಂಡು, ಅದರ ಜೊತೆ ಹೊಸದಾಗಿ ಕತ್ತರಿಸಿದ 10.86 ಮೀಟರ್ ತುಂಡು ಹಾಕಿ ಸರಿ ಮಾಡಿದ್ವಿ. ಹೀಗೆ 21 ತುಂಡು ಬಳಕೆಗೆ ಬಂತು, ಇನ್ನು 21 ಮೂಲೆಯಲ್ಲಿ ಉಳಿಯಿತು. ಆಮೇಲಿಂದ ಕತ್ತರಿಸಿದ ಕೂಡಲೇ ಹೊರ ಮುಖದ ತುಂಡುಗಳ ತುದಿಗೆ ಕೆಂಪು ಬಣ್ಣ ಹಚ್ಚಿಸ್ತೀನಿ.