ಲಿಬ್ರೆ ಆಫೀಸ್ ಕ್ಯಾಲ್ಕ್: ಯಾರೂ ಗುರುತು ಹಾಕದ ಆಯ್ಕೆಗಳನ್ನು ಹುಡುಕಲು (ಬಹುಕಾಲದ ಬಳಕೆಯ ನಂತರ)

ರೇಟಿಂಗ್: 5ಕ್ಕೆ 4

ತೀರ್ಥಹಳ್ಳಿ ಕಡೆಯ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಹತ್ತನೇ ತರಗತಿಯ ಪ್ರತಿ ಬಹು ಆಯ್ಕೆ ಪರೀಕ್ಷೆ ಮುಗಿದ ಮೇಲೆ ಯಾವ ತಪ್ಪು ಆಯ್ಕೆಯನ್ನು ಎಷ್ಟು ಮಕ್ಕಳು ಆರಿಸಿದರು ಎಂದು ಲೆಕ್ಕ ಹಾಕುವುದಕ್ಕೆ ಕ್ಯಾಲ್ಕ್ ಬಳಸುತ್ತೇನೆ. ದುಡ್ಡು ಕೊಡಬೇಕಿಲ್ಲ, ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಮುಖ್ಯವಾಗಿ ನೆಟ್ ಬೇಕಿಲ್ಲ. ಆಷಾಢದ ಮಳೆ ಹಿಡಿದರೆ ನಮ್ಮಲ್ಲಿ ಕರೆಂಟು, ನೆಟ್ಟು ಎರಡೂ ಹೋಗುತ್ತವೆ. ಬ್ಯಾಟರಿ ಇರುವಷ್ಟು ಹೊತ್ತು ಇದರಲ್ಲಿ ಕೆಲಸ ಸಾಗುತ್ತದೆ.

ಒಬ್ಬ ವಿದ್ಯಾರ್ಥಿಗೆ ಒಂದು ಸಾಲು, ಒಂದು ಪ್ರಶ್ನೆಗೆ ಒಂದು ಕಾಲಂ. ಅದರಲ್ಲಿ ಮಗು ಬರೆದ ಅಕ್ಷರವನ್ನೇ ತುಂಬಬೇಕು, ಸರಿಯೋ ತಪ್ಪೋ ಎಂದಲ್ಲ. ಖಾಲಿ ಬಿಟ್ಟಿದ್ದರೆ X. ಒಟ್ಟು ಅಂಕದ ಪ್ರಕಾರ ಸಾರ್ಟ್ ಮಾಡಿ, ಮೇಲಿನ 27% ಮಕ್ಕಳಿಗೆ H, ಕೆಳಗಿನ 27% ಮಕ್ಕಳಿಗೆ L ಎಂದು ಕೊನೆಯ ಕಾಲಂನಲ್ಲಿ ಹಾಕುತ್ತೇನೆ. ಈ 27% ಎಂಬುದು ಹೀಗೆ ಎರಡು ಗುಂಪು ಬೇರ್ಪಡಿಸಲು ಅಮೆರಿಕದ ಮನೋವಿಜ್ಞಾನಿ ಟ್ರೂಮನ್ ಕೆಲ್ಲಿ 1939ರಲ್ಲಿ ಲೆಕ್ಕ ಹಾಕಿ ತೋರಿಸಿದ ಪ್ರಮಾಣ. ಎರಡು ಸೆಕ್ಷನ್ ಸೇರಿ 80 ಮಕ್ಕಳಿದ್ದರೆ ಒಂದೊಂದು ಗುಂಪಿಗೆ 22 ಜನ. ಆಮೇಲೆ ಒಂದೇ ಸೂತ್ರ:

```
=COUNTIFS(F$2:F$81,"D",$AQ$2:$AQ$81,"L")
```

F ಕಾಲಂನ ಪ್ರಶ್ನೆಗೆ ಕೆಳಗಿನ ಗುಂಪಿನಲ್ಲಿ D ಆರಿಸಿದವರೆಷ್ಟು ಎಂದು ಇದು ಹೇಳುತ್ತದೆ. ಅಕ್ಷರವನ್ನೂ ಗುಂಪನ್ನೂ ಬದಲಿಸುತ್ತಾ ಹೋದರೆ ಪ್ರತಿ ಪ್ರಶ್ನೆಗೂ ಒಂದು ಪುಟ್ಟ ಪಟ್ಟಿ ಸಿಗುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. 4 ಓಮ್ ಮತ್ತು 12 ಓಮ್ ರೋಧಕಗಳನ್ನು ಸಮಾಂತರವಾಗಿ ಜೋಡಿಸಿದರೆ ಸಮಾನ ರೋಧ ಎಷ್ಟು? ಆಯ್ಕೆಗಳು: A 16, B 3, C 48, D 100. ಸರಿ ಉತ್ತರ B. ಮೇಲಿನ ಗುಂಪಿನಲ್ಲಿ B ಆರಿಸಿದವರು 19, A 2, C 1. ಕೆಳಗಿನ ಗುಂಪಿನಲ್ಲಿ A 9, B 7, C 6. D ಎರಡೂ ಗುಂಪಿನಲ್ಲಿ ಸೊನ್ನೆ. ಮಧ್ಯದ ಮಕ್ಕಳನ್ನೂ ಸೇರಿಸಿ ನೋಡಿದರೆ ಇಡೀ 80ರಲ್ಲಿ ಒಬ್ಬನೇ. ಸಾಮಾನ್ಯವಾಗಿ 5%ಗಿಂತ ಕಡಿಮೆ ಜನ ಆರಿಸಿದ ತಪ್ಪು ಆಯ್ಕೆಯನ್ನು ಕೆಲಸ ಮಾಡದ್ದು ಎಂದು ಎಣಿಸುತ್ತಾರೆ. 80ಕ್ಕೆ ಅದು 4 ಜನ.

A ಸರಣಿ ಜೋಡಣೆಯ ಹಾಗೆ ಕೂಡಿದವರದ್ದು, C ಸುಮ್ಮನೆ ಗುಣಿಸಿದವರದ್ದು. D ಯಾವ ತಪ್ಪು ಲೆಕ್ಕದಿಂದಲೂ ಬರುವುದಿಲ್ಲ. "ನಾಲ್ಕು, ಹನ್ನೆರಡು ಇಟ್ಕೊಂಡು ನೂರು ಹೆಂಗೆ ಬರುತ್ತೆ ಸಾರ್?" ಎಂದು ಒಬ್ಬ ಹುಡುಗಿ ಕೇಳಿದಳು. ಅವಳು ಹೇಳಿದ್ದೇ ಸರಿಯಾದ ವಿಶ್ಲೇಷಣೆ. D ಸತ್ತು ಬಿದ್ದಿದ್ದರಿಂದ ಏನೂ ಗೊತ್ತಿಲ್ಲದ ಮಗುವಿಗೂ ನಾಲ್ಕರಲ್ಲಿ ಒಂದಲ್ಲ, ಮೂರರಲ್ಲಿ ಒಂದು ಅವಕಾಶ ಸಿಕ್ಕಿಬಿಡುತ್ತದೆ.

ಹೊಸ ಆಯ್ಕೆಯನ್ನು ಕೂತು ಯೋಚಿಸುವುದಕ್ಕಿಂತ ಮಕ್ಕಳ ನೋಟ್‌ಬುಕ್ಕಿನಿಂದ ತೆಗೆಯುವುದು ಒಳ್ಳೆಯದು. ಇದೇ ಲೆಕ್ಕವನ್ನು ಬಿಡಿಸಿ ಬರೆಯಲು ಕೊಟ್ಟಾಗ ಕೆಲವರು 1/4 + 1/12 ಕೂಡಿ 1/3 ಎಂದು ಅಲ್ಲಿಗೇ ನಿಲ್ಲಿಸಿದ್ದರು, ತಲೆಕೆಳಗು ಮಾಡಿರಲಿಲ್ಲ. D ಜಾಗಕ್ಕೆ 1/3 ಹಾಕಿದೆ. ಮುಂದಿನ ಬ್ಯಾಚಿನಲ್ಲಿ ಕೆಳಗಿನ ಗುಂಪಿನ 6 ಜನ, ಮೇಲಿನವರಲ್ಲಿ ಒಬ್ಬ ಅದನ್ನು ಆರಿಸಿದರು. ತಪ್ಪು ಆಯ್ಕೆ ಹೀಗಿರಬೇಕು. ಆ ಮಕ್ಕಳಿಗೆ ಸೂತ್ರ ಗೊತ್ತಿದೆ, ಕೊನೆಯ ಹೆಜ್ಜೆ ತಪ್ಪುತ್ತಿದೆ ಎಂಬುದೂ ತಿಳಿಯಿತು.

ಕ್ಯಾಲ್ಕ್ ಲೆಕ್ಕ ಕೊಡುತ್ತದೆ, ಅರ್ಥ ಹೇಳುವುದಿಲ್ಲ. 80ರಲ್ಲಿ 76 ಮಕ್ಕಳು ಸರಿ ಬರೆದ ಪ್ರಶ್ನೆಯಲ್ಲಿ ಮೂರು ತಪ್ಪು ಆಯ್ಕೆಗಳಿಗೆ ಉಳಿಯುವುದೇ ನಾಲ್ಕು ಜನ. ಅಲ್ಲಿ ಸೊನ್ನೆ ಕಂಡರೆ ಆಯ್ಕೆ ಕೆಟ್ಟದ್ದು ಎನ್ನುವ ಹಾಗಿಲ್ಲ. ಪ್ರಶ್ನೆ ಸುಲಭವಾಗಿರಬಹುದು, ಪಾಠ ಚೆನ್ನಾಗಿ ನಾಟಿರಬಹುದು. ಹಾಗಾಗಿ ಮೊದಲು ತಪ್ಪಿದವರು ಎಷ್ಟು ಎಂದು ನೋಡಿ. ಒಂದೇ ಸೆಕ್ಷನ್ನಿನ 25-30 ಮಕ್ಕಳಲ್ಲಿ 5% ಅಂದರೆ ಒಬ್ಬರೋ ಇಬ್ಬರೋ. ಅಷ್ಟರ ಮೇಲೆ ತೀರ್ಮಾನ ಮಾಡಬೇಡಿ. ಎರಡು ವರ್ಷದ ಹಾಳೆ ಸೇರಿಸಿ ನೋಡಿ, ಪ್ರಶ್ನೆ ಮಾತ್ರ ಅಕ್ಷರಶಃ ಅದೇ ಇರಬೇಕು.

ಒಂದು ಸ್ಟಾರ್ ಕಳೆದದ್ದು ತುಂಬುವ ಶ್ರಮಕ್ಕೆ. 80 ಮಕ್ಕಳು, 40 ಪ್ರಶ್ನೆ ಎಂದರೆ 3200 ಅಕ್ಷರ. ಒಬ್ಬರು ಓದಿ ಹೇಳಿ ಇನ್ನೊಬ್ಬರು ಒತ್ತಿದರೆ ಬೇಗ ಆಗುತ್ತದೆ. Data ಮೆನುವಿನ Validity ಬಳಸಿ A, B, C, D, X ಬಿಟ್ಟು ಬೇರೇನೂ ಕೂರದಂತೆ ಮಾಡಿಕೊಳ್ಳಿ. ಕಾಪಿ ತಡೆಯಲು ಆಯ್ಕೆಗಳ ಕ್ರಮ ಬದಲಿಸಿ ಎರಡು ಸೆಟ್ ಕೊಟ್ಟಿದ್ದರೆ, ಎರಡನೇ ಸೆಟ್ಟಿನ ಅಕ್ಷರಗಳನ್ನು ಮೊದಲನೆಯದಕ್ಕೆ ಹೊಂದಿಸಿಯೇ ಎಣಿಸಿ; ಇಲ್ಲದಿದ್ದರೆ ಸತ್ತ ಆಯ್ಕೆಯೂ ಬದುಕಿರುವಂತೆ ಕಾಣುತ್ತದೆ.