ಅವ್ವನ ಕೀಲುನೋವಿನ ಗುಳಿಗೆ, ಎಂಟು ವರ್ಷ ಮಾಡಿಸದ ಕಣ್ಣಿನ ಪರೀಕ್ಷೆ

ನಿಮ್ಮ ಮನೆಯಲ್ಲಿ ಯಾರಾದರೂ ಹೈಡ್ರಾಕ್ಸಿಕ್ಲೋರೋಕ್ವಿನ್ ಗುಳಿಗೆಯನ್ನು ವರ್ಷಗಟ್ಟಲೆ ತಗೊಳ್ತಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. 2020ರಲ್ಲಿ ಕೊರೊನಾ ಬಂದಾಗ ಎಲ್ಲರ ಬಾಯಲ್ಲೂ ಇದ್ದ ಗುಳಿಗೆ ಇದೇ. ಸಂಧಿವಾತಕ್ಕೆ, ಮೈಯ ರೋಗನಿರೋಧಕ ಶಕ್ತಿ ಮೈಯ ಮೇಲೇ ತಿರುಗಿಬೀಳುವ ಲೂಪಸ್ ಕಾಯಿಲೆಗೆ ಇದನ್ನು ಅದಕ್ಕೂ ಎಷ್ಟೋ ಮೊದಲಿಂದ ಕೊಡುತ್ತಾ ಬಂದಿದ್ದಾರೆ.

ನಮ್ಮ ಅವ್ವನಿಗೆ 2016ರಲ್ಲಿ ಕಲಬುರಗಿಯಲ್ಲಿ ಸಂಧಿವಾತ ಅಂತ ಹೇಳಿ ದಿನಕ್ಕೆ 400 ಮಿಲಿಗ್ರಾಂ ಬರೆದುಕೊಟ್ಟರು. ಗುಳಿಗೆ ಕೆಲಸ ಮಾಡಿತು, ಸುಳ್ಳು ಹೇಳಬಾರದು. ಬೆರಳಿನ ಬಾವು ಇಳಿಯಿತು, ಮತ್ತೆ ರೊಟ್ಟಿ ಬಡಿಯುವಂತಾದಳು. ಆಮೇಲೆ ನಾವು ಡಾಕ್ಟರ ಹತ್ತಿರ ಹೋಗುವುದನ್ನೇ ಬಿಟ್ಟೆವು. ಅದೇ ಹಳೇ ಚೀಟಿ ತೋರಿಸಿದರೆ ಮೆಡಿಕಲ್‌ನವರು ಕೊಡುತ್ತಿದ್ದರು. ಎಂಟು ವರ್ಷ ಹೀಗೇ ನಡೆಯಿತು. ಕಣ್ಣು ತೋರಿಸಿ ಅಂತ ಬರೆದುಕೊಟ್ಟವರೂ ಹೇಳಲಿಲ್ಲ, ಮಾರಿದವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

2024ರ ಬೇಸಿಗೆಯಲ್ಲಿ ಮೊದಲು ಗೊತ್ತಾಗಿದ್ದು ತೊಗರಿ ಬೇಳೆಯಿಂದ. ಅವ್ವ ಹಸನು ಮಾಡಿದ ಬೇಳೆಯಲ್ಲಿ ಹರಳು ಉಳಿಯತೊಡಗಿದವು. ಆಕೆ ಹಂಗ ಬಿಡುವವಳೇ ಅಲ್ಲ. ಆಮೇಲೆ ಒಂದು ದಿನ ಬಸ್ ಸ್ಟ್ಯಾಂಡಿನಲ್ಲಿ ಚಿತ್ತಾಪುರ ಬಸ್ಸಿನ ಬೋರ್ಡು ಓದಲು ಬಹಳ ಹೊತ್ತು ನಿಂತಳು. ಕೇಳಿದರೆ, "ನಾ ನೋಡೋ ಅಕ್ಷರ ಕಾಣ್ತದಪಾ, ಅದರ ಬಾಜೂದವು ಅಳಿಸಿಹೋಗ್ಯಾವ" ಅಂದಳು.

ಹತ್ತಿರದ ಕಣ್ಣಿನ ಡಾಕ್ಟರಿಗೆ ತೋರಿಸಿದೆವು. ಗೋಡೆಯ ಮೇಲಿನ ಅಕ್ಷರಗಳನ್ನು ಒಂದೊಂದಾಗಿ ನೋಡಿ ಕೆಳಗಿನ ಸಾಲಿನ ತನಕ ಹೇಳಿಬಿಟ್ಟಳು. "ಪೊರೆ ಶುರುವಾಗಿದೆ, ವಯಸ್ಸು ಅಲ್ವಾ" ಅಂತ ಹೊಸ ಕನ್ನಡಕ ಕೊಟ್ಟರು. ಯಾವ ಗುಳಿಗೆ ನಡೀತಿದೆ ಅಂತ ಅವರು ಕೇಳಲಿಲ್ಲ. ಅಲ್ಲಿ ಇನ್ನೂ ಐದು ತಿಂಗಳು ಹೋಯಿತು.

ಎರಡನೇ ಡಾಕ್ಟರು ಮೊದಲು ಗುಳಿಗೆ ಚೀಲ ತೆಗೆಯಿರಿ ಅಂದರು. ಹೆಸರು ನೋಡಿದ ಕೂಡಲೇ ಎರಡು ಪರೀಕ್ಷೆ ಮಾಡಿಸಿದರು. ಒಂದು ಫೀಲ್ಡ್ ಟೆಸ್ಟ್. ಮಷೀನಿನಲ್ಲಿ ಗದ್ದ ಇಟ್ಟು, ನಡುವಿನ ದೀಪವನ್ನೇ ನೋಡುತ್ತಾ, ಸುತ್ತ ಚುಕ್ಕಿ ಮಿಂಚಿದಾಗಲೆಲ್ಲ ಬಟನ್ ಒತ್ತಬೇಕು. ಇನ್ನೊಂದು ಓಸಿಟಿ ಸ್ಕ್ಯಾನ್. ಅದರಲ್ಲಿ ಕಣ್ಣಿನ ಒಳಪರದೆಯನ್ನು ಅಡ್ಡ ಕೊಯ್ದಂತೆ ಪದರ ಪದರವಾಗಿ ಕಾಣುತ್ತದೆ. ಚುಚ್ಚುವುದಿಲ್ಲ, ನೋವಿಲ್ಲ. ಫೀಲ್ಡ್ ಟೆಸ್ಟಿನ ಕಾಗದದಲ್ಲಿ ನಡುವೆ ಸಣ್ಣ ಬಿಳಿ ಜಾಗ, ಅದರ ಸುತ್ತ ಬಳೆಯ ಹಾಗೆ ಕಪ್ಪು. ಎರಡೂ ಕಣ್ಣಲ್ಲಿ ಹಾಗೇ ಇತ್ತು.

ಆ ಬಿಳಿ ಜಾಗದಿಂದಲೇ ಗೋಡೆಯ ಅಕ್ಷರಗಳನ್ನೆಲ್ಲ ಓದಿದ್ದಳು ಅವ್ವ. ಈ ಔಷಧ ಒಳಪರದೆಯ ಹಿಂದಿನ ಬಣ್ಣದ ಪದರದಲ್ಲಿ ಅಂಟಿಕೊಳ್ಳುತ್ತದಂತೆ, ಹಾನಿ ಹೆಚ್ಚಾಗಿ ನಟ್ಟನಡುವಿನ ಸುತ್ತ ಶುರುವಾಗುತ್ತದೆ. ಹಾಗಾಗಿ ಬರೀ ಅಕ್ಷರ ಓದಿಸಿ ಕಣ್ಣು ಚಲೋ ಇದೆ ಅಂದರೆ ನಂಬಬೇಡಿ.

ಆಮೇಲೆ ಡಾಕ್ಟರು ಅವ್ವನ ತೂಕ ಮಾಡಿದರು. 47 ಕಿಲೋ. ಒಂದು ಕಿಲೋಗೆ ದಿನಕ್ಕೆ 5 ಮಿಲಿಗ್ರಾಂ ದಾಟಬಾರದು ಅನ್ನೋದು ಲೆಕ್ಕ. ಅಂದರೆ ಆಕೆಗೆ 235 ಸಾಕಿತ್ತು, ಹೋಗುತ್ತಿದ್ದದ್ದು 400. 2016ರಲ್ಲಿ 52 ಕಿಲೋ ಇದ್ದಳು, ಆಗಲೂ 260 ದಾಟಬಾರದಿತ್ತು. ಮೊದಲ ದಿನದಿಂದಲೇ ಜಾಸ್ತಿ. ಅದರ ಮೇಲೆ ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ 1.7 ಬಂತು, ಅಂದರೆ ಕಿಡ್ನಿಯ ಕೆಲಸ ಕುಗ್ಗಿದೆ ಅಂತ. ಈ ಔಷಧವನ್ನು ಹೊರಹಾಕುವ ಕೆಲಸದಲ್ಲಿ ಕಿಡ್ನಿಗೆ ದೊಡ್ಡ ಪಾಲಿದೆ. ಅದು ಸೋತಾಗ ಔಷಧ ಮೈಯಲ್ಲೇ ಉಳಿಯುತ್ತದೆ.

ಸರಿಯಾದ ಡೋಸಿನಲ್ಲಿ ಮೊದಲ ಹತ್ತು ವರ್ಷ ಕಣ್ಣಿಗೆ ಹಾನಿಯಾಗುವುದು ನೂರಕ್ಕೆ ಇಬ್ಬರಿಗಿಂತ ಕಡಿಮೆ ಜನರಿಗೆ. ಇಪ್ಪತ್ತು ವರ್ಷ ದಾಟಿದರೆ ಹತ್ತಿರ ಹತ್ತಿರ ಇಪ್ಪತ್ತು. ಅದಕ್ಕೇ ಗುಳಿಗೆ ಶುರು ಮಾಡಿದ ಮೊದಲ ವರ್ಷದೊಳಗೆ ಒಮ್ಮೆ ಕಣ್ಣು ತೋರಿಸಬೇಕು, ಐದು ವರ್ಷ ಆದ ಮೇಲೆ ಪ್ರತಿ ವರ್ಷ ಈ ಎರಡು ಪರೀಕ್ಷೆ ಮಾಡಿಸಬೇಕು. ಕಿಡ್ನಿ ತೊಂದರೆ ಇದ್ದರೆ, ಡೋಸ್ ಜಾಸ್ತಿ ಇದ್ದರೆ, ಸ್ತನ ಕ್ಯಾನ್ಸರಿಗೆ ಟಮಾಕ್ಸಿಫೆನ್ ನಡೀತಿದ್ದರೆ ಐದು ವರ್ಷ ಕಾಯುವ ಹಾಗಿಲ್ಲ. ಸ್ಕ್ಯಾನಿನಲ್ಲಿ ಹಾನಿ ಬೇಗ ಸಿಕ್ಕರೆ ರೋಗಿಗೆ ಏನೂ ಗೊತ್ತಾಗುವ ಮೊದಲೇ ಔಷಧ ಬದಲಿಸಬಹುದು. ಕಣ್ಣಿಗೇ ಗೊತ್ತಾಗುವಷ್ಟು ಆದ ಮೇಲೆ ಹೋದದ್ದು ವಾಪಸ್ ಬರುವುದಿಲ್ಲ.

ಇದನ್ನು ಓದಿ ಹೆದರಿ ಇವತ್ತೇ ಗುಳಿಗೆ ನಿಲ್ಲಿಸಬೇಡಿ. ಲೂಪಸ್ ಇದ್ದವರು ತಾವೇ ನಿಲ್ಲಿಸಿದರೆ ಕಾಯಿಲೆ ಕೆರಳಬಹುದು. ತೂಕ ಮಾಡಿಸಿ, ಚೀಟಿಯಲ್ಲಿನ ಮಿಲಿಗ್ರಾಂ ನೋಡಿ, ಬರೆದುಕೊಟ್ಟ ಡಾಕ್ಟರ ಹತ್ತಿರ ಹೋಗಿ. ಕಣ್ಣಿನವರ ಹತ್ತಿರ ಹೋದಾಗ ಈ ಗುಳಿಗೆಯ ಹೆಸರನ್ನೂ ಎಷ್ಟು ವರ್ಷ ಆಯಿತು ಅನ್ನೋದನ್ನೂ ನೀವೇ ಬಾಯಿಬಿಟ್ಟು ಹೇಳಿ.

ಅವ್ವನಿಗೆ ಈಗ ಬೇರೆ ಔಷಧ ನಡೀತಿದೆ. ನಿಲ್ಲಿಸಿದ ಮೇಲೂ ಸ್ವಲ್ಪ ಕಾಲ ಹಾನಿ ಮುಂದುವರಿಯಬಹುದು ಅಂದಿದ್ದಾರೆ, ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಇದೆ. ಬೇಳೆ ಹಸನು ಮಾಡುವುದನ್ನು ಆಕೆ ಬಿಟ್ಟಿಲ್ಲ. ಮೊರವನ್ನು ಕಣ್ಣಿನ ಹತ್ತಿರ ಹಿಡಿದು, ತಲೆಯನ್ನು ಸ್ವಲ್ಪ ಸ್ವಲ್ಪವೇ ಸರಿಸುತ್ತಾ ಒಂದೊಂದೇ ಕಾಳು ನೋಡುತ್ತಾಳೆ. ಆಕೆ ಎದ್ದು ಒಳಗೆ ಹೋದ ಮೇಲೆ ನನ್ನ ಹೆಂಡತಿ ಅದನ್ನು ಮತ್ತೊಮ್ಮೆ ನೋಡುತ್ತಾಳೆ.