ಬಿಸಿಲು ಬಾರದ ಹಾಲ್‌ಗೆ ಬೆಚ್ಚನೆಯ ಆಫ್‌ವೈಟ್: ಎರಡು ಮಳೆಗಾಲದ ನಂತರದ ವಿಮರ್ಶೆ

ಮುಂಬೈನ ಮುಲುಂಡ್‌ನಲ್ಲಿ ಹಳೇ ಕಟ್ಟಡ, ಎರಡನೇ ಮಹಡಿ. ಹತ್ತು ಅಡಿಗೆ ಹದಿನಾಲ್ಕು ಅಡಿಯ ಹಾಲ್‌ಗೆ ಇರುವುದು ಉತ್ತರಕ್ಕೆ ಒಂದೇ ಕಿಟಕಿ. ಅದರೆದುರು ಹದಿನೈದು ಅಡಿ ದೂರದಲ್ಲೇ ಪಕ್ಕದ ಸೊಸೈಟಿಯ ಗೋಡೆ. ಇಂಥ ಹಾಲ್‌ಗೆ ಅಂಗಡಿಯ ಶೇಡ್ ಕಾರ್ಡ್ ನೋಡಿ ಬಣ್ಣ ಆರಿಸಿದರೆ ಕೆಡುವುದೇ ಹೆಚ್ಚು. ಹಾಗಾಗಿ ನಾಲ್ಕು ಶೇಡ್‌ಗಳ ಸ್ಯಾಂಪಲ್ ಡಬ್ಬಿ ತಂದು, ಬೇರೆ ಬೇರೆ ಹೊತ್ತಿನ ಫೋಟೋಗಳಲ್ಲಿ ಹೋಲಿಸಿ ಒಂದನ್ನು ಉಳಿಸಿಕೊಂಡದ್ದಾಯಿತು.

ಸ್ಯಾಂಪಲ್ಲನ್ನು ಹಳೇ ಗೋಡೆಯ ಮೇಲೆ ಬಳಿಯಬಾರದು. ಕೆಳಗಿನ ಬಣ್ಣ ಇಣುಕುತ್ತದೆ, ಸುತ್ತಲಿನ ಬಣ್ಣವೂ ಕಣ್ಣನ್ನು ದಾರಿ ತಪ್ಪಿಸುತ್ತದೆ. ಎರಡಡಿ ಚೌಕದ ಹಾರ್ಡ್‌ಬೋರ್ಡ್‌ಗೆ ಬಿಳಿ ಪ್ರೈಮರ್ ಹಚ್ಚಿ, ಅಂಚಿನಲ್ಲಿ ಎರಡಿಂಚು ಬಿಳಿ ಬಿಟ್ಟು, ರೋಲರ್‌ನಲ್ಲಿ ಎರಡು ಕೋಟ್ ಹಾಕಿ. ಎಮಲ್ಷನ್ ಒಣಗಿದ ಮೇಲೆ ಸಾಮಾನ್ಯವಾಗಿ ಒಂದು ಎಳೆ ಗಾಢವಾಗುತ್ತದೆ. ಮಳೆಗಾಲದಲ್ಲಂತೂ ಒಂದು ದಿನ ಪೂರ್ತಿ ಬಿಡದೆ ಫೋಟೋ ತೆಗೆಯಬೇಡಿ. ಬೋರ್ಡನ್ನು ಗೋಡೆಗೆ ಒರಗಿಸಿ ನೆಟ್ಟಗೆ ನಿಲ್ಲಿಸಬೇಕು. ನೆಲದ ಮೇಲೆ ಮಲಗಿಸಿದರೆ ಕಿಟಕಿಯ ಬೆಳಕು ಬೇರೆ ಕೋನದಲ್ಲಿ ಬಿದ್ದು ಬಣ್ಣ ತಿಳಿಯಾಗಿ ಕಾಣುತ್ತದೆ.

ಇನ್ನು ಫೋಟೋ. ಎಲ್ಲರೂ ಎಡವುವುದು ಇಲ್ಲೇ. ಮೊಬೈಲನ್ನು ಆಟೋದಲ್ಲಿ ಬಿಟ್ಟರೆ ಕತ್ತಲ ಕೋಣೆಯನ್ನು ಅದು ಬೆಳಗಿಸಿಬಿಡುತ್ತದೆ, ನೀಲಿ ಛಾಯೆ ಇದ್ದರೆ ತಾನಾಗಿಯೇ ಅಳಿಸುತ್ತದೆ. ಬೆಳಗಿನ ಫೋಟೋ, ಸಂಜೆಯ ಫೋಟೋ ಎರಡೂ ಒಂದೇ ಥರ ಬಂದು, ಯಾವುದನ್ನು ನೋಡಲು ಹೊರಟಿರೋ ಅದೇ ಮಾಯ. ಪ್ರೋ ಮೋಡ್‌ಗೆ ಹೋಗಿ, ಫೋಟೋದ ಬಣ್ಣದ ಛಾಯೆ ಹೊಂದಿಸುವ WB ಅನ್ನು 5000K ಸುಮಾರಿಗೆ ನಿಲ್ಲಿಸಿ. ISO ಮತ್ತು ಶಟರ್ ವೇಗವನ್ನು ಮಧ್ಯಾಹ್ನ ಒಂದು ಗಂಟೆಯ ಬೆಳಕಿಗೆ ಹೊಂದಿಸಿ, ಉಳಿದ ಹೊತ್ತಿಗೂ ಬದಲಿಸಬೇಡಿ. ಹೋಲಿಸಿ ನೋಡಲು ಪ್ರತಿ ಫೋಟೋದಲ್ಲೂ ಒಂದೇ ಬೂದು ಕಾರ್ಡ್ ಇರಲಿ. ಎ4 ಹಾಳೆಯಾದರೂ ನಡೆಯುತ್ತದೆ, ಆದರೆ ಅದರಲ್ಲಿ ಹೊಳಪಿನ ರಾಸಾಯನಿಕ ಇರುವುದರಿಂದ ಹಗಲಲ್ಲಿ ತುಸು ನೀಲಿ ಕಾಣುತ್ತದೆ.

ಹೀಗೆ ತೆಗೆದ ಸಂಜೆಯ ಫೋಟೋ ಕಣ್ಣಿಗೆ ಕಾಣುವುದಕ್ಕಿಂತ ಕಪ್ಪಾಗಿರುತ್ತದೆ, ಏಕೆಂದರೆ ಕಣ್ಣು ಕತ್ತಲಿಗೆ ಒಗ್ಗಿಕೊಳ್ಳುತ್ತದೆ, ಲಾಕ್ ಮಾಡಿದ ಕ್ಯಾಮೆರಾ ಒಗ್ಗುವುದಿಲ್ಲ. ಹಾಗಾಗಿ ಫೋಟೋದಿಂದ ‘ಈ ಬಣ್ಣ ಹೀಗೇ ಇರುತ್ತದೆ’ ಎಂದು ತೀರ್ಮಾನಿಸಬಾರದು. ನಾಲ್ಕರಲ್ಲಿ ಯಾವುದು ಮೊದಲು ಸೋಲುತ್ತದೆ ಎಂಬುದಷ್ಟನ್ನೇ ಅದು ಹೇಳುತ್ತದೆ.

ಬೆಳಗ್ಗೆ ಎಂಟು, ಮಧ್ಯಾಹ್ನ ಒಂದು, ಸಂಜೆ ಐದೂವರೆ, ರಾತ್ರಿ ಒಂಬತ್ತು: ಈ ನಾಲ್ಕು ಹೊತ್ತಿನಲ್ಲಿ ಮೊದಲು ಸೋತದ್ದು ಅಪ್ಪಟ ಬಿಳಿ. ‘ಕತ್ತಲ ಕೋಣೆಗೆ ಬಿಳಿ ಹೊಡೆಸಿ’ ಎಂಬ ಪೇಂಟರ್ ಮಾತು ಅರ್ಧವಷ್ಟೇ ನಿಜ. ಉತ್ತರದಿಂದ ಬರುವುದು ಆಕಾಶದ ನೀಲಿ ಬೆಳಕು. ಬಿಳಿ ಅದನ್ನು ಹಾಗೇ ವಾಪಸ್ ಕೊಡುತ್ತದೆ, ಐದೂವರೆಗೆ ಒಗೆದು ಮಾಸಿದ ಬಟ್ಟೆಯಂತೆ ಕಂಡಿತು. ತಿಳಿ ಬೂದು ಸಂಜೆಗೆ ಹಸಿ ಸಿಮೆಂಟಾಯಿತು. ಕೆನೆ ಬಣ್ಣ ಹಗಲೆಲ್ಲ ಚೆನ್ನಾಗಿತ್ತು, ರಾತ್ರಿ 3000K ಬಲ್ಬಿನಡಿ ಮಾತ್ರ ಬೆಣ್ಣೆ ಬಳಿದಂತೆ ಹಳದಿ. ಉಳಿದದ್ದು ಹಳದಿಯ ಜೊತೆ ಒಂದು ಚಿಟಿಕೆ ಕೆಂಪಿರುವ ಆಫ್‌ವೈಟ್. ಬೆಳಕನ್ನು ಎಷ್ಟು ಮರಳಿಸುತ್ತದೆ ಎಂದು ಹೇಳುವ ಅದರ ಎಲ್‌ಆರ್‌ವಿ 78. ಬಿಳಿಗಿಂತ ಕಡಿಮೆಯೇ, ಆದರೂ ನಾಲ್ಕೂ ಹೊತ್ತಿನಲ್ಲಿ ಗೋಡೆ ಗೋಡೆಯಂತೆಯೇ ಕಂಡಿತು. ಬಲ್ಬನ್ನು 4000Kಗೆ ಬದಲಿಸಿದ್ದರೆ ಕೆನೆಯೂ ಗೆಲ್ಲುತ್ತಿತ್ತೇನೋ. ಅದಕ್ಕೇ ಬಣ್ಣಕ್ಕಿಂತ ಮೊದಲು ಬಲ್ಬು ಖಾಯಂ ಆಗಲಿ.

ಮುಂಬೈಯಲ್ಲಿ ಎದುರಾಗುವ ಒಂದು ತೊಂದರೆ: ಎದುರು ಕಟ್ಟಡದ ರಿಪೇರಿಗೆ ಕಟ್ಟುವ ಹಸಿರು ಬಲೆಯ ಜಾಲಿ. ಅದು ಇರುವಾಗ ತೆಗೆದ ಫೋಟೋದಲ್ಲಿ ಯಾವ ಶೇಡೂ ಪಾಚಿ ಹಿಡಿದಂತೆ. ಜಾಲಿ ಬಿಚ್ಚುವವರೆಗೆ ಕಾಯುವುದೇ ವಾಸಿ.

ಕಿಟಕಿ ಬಾಗಿಲು ಕಳೆದು ಗೋಡೆ ಸುಮಾರು 375 ಚದರಡಿ. ಎರಡು ಕೋಟ್‌ಗೆ ಲೀಟರಿಗೆ 60 ಚದರಡಿ ಲೆಕ್ಕ ಹಿಡಿದರೆ ಆರೂಕಾಲು ಲೀಟರ್. ನಾಲ್ಕರ ಒಂದು, ಒಂದರ ಮೂರು ಡಬ್ಬಿ ಸಾಕು. ಟಿಂಟಿಂಗ್ ಮಷೀನ್‌ನಲ್ಲಿ ಡಬ್ಬಿಯಿಂದ ಡಬ್ಬಿಗೆ ಕೂದಲೆಳೆ ವ್ಯತ್ಯಾಸ ಬರಬಹುದು, ಆದ್ದರಿಂದ ಎಲ್ಲವನ್ನೂ ಒಂದೇ ಬಕೆಟ್‌ಗೆ ಸುರಿದು ಕಲಸಿಸಿ. ಸ್ಯಾಂಪಲ್ ಯಾವ ಎಮಲ್ಷನ್‌ನಲ್ಲಿ ಮಾಡಿಸಿದಿರೋ ಗೋಡೆಗೂ ಅದೇ ಇರಲಿ. ಅಗ್ಗದ ಬೇಸ್‌ನಲ್ಲಿ ಅದೇ ನಂಬರಿನ ಶೇಡ್ ಬೇರೆಯೇ ಕಾಣಬಹುದು.

ಮ್ಯಾಟ್ ಫಿನಿಶ್ ಆರಿಸಿದ್ದಕ್ಕೆ ಕಾರಣ, ಒಂದೇ ಕಿಟಕಿಯ ಬೆಳಕು ಗೋಡೆ ಸವರಿಕೊಂಡು ಹೋಗುವಾಗ ಹೊಳಪಿನ ಬಣ್ಣದಲ್ಲಿ ಪುಟ್ಟಿಯ ಏರುತಗ್ಗು ಎದ್ದು ಕಾಣುತ್ತದೆ. ಎರಡು ಮಳೆಗಾಲ ಕಳೆದರೂ ಶೇಡ್ ಹಳದಿಗೆ ತಿರುಗಿಲ್ಲ. ಕೊರತೆ ಎಂದರೆ ಸೋಫಾ ಹಿಂದಿನ ತಲೆಯೆಣ್ಣೆಯ ಕಲೆ: ಒದ್ದೆ ಬಟ್ಟೆಯಲ್ಲಿ ಉಜ್ಜಿದಲ್ಲಿ ಮ್ಯಾಟ್ ಸವೆದು ಹೊಳೆಯುವ ತೇಪೆ ಉಳಿದಿದೆ. ಬೆಳಗ್ಗೆ ಎಂಟಕ್ಕೆ ಅದು ಕಣ್ಣಿಗೆ ಹೊಡೆಯುತ್ತದೆ, ರಾತ್ರಿ ಕಾಣುವುದೇ ಇಲ್ಲ. ಬಕೆಟ್‌ನಲ್ಲಿ ಕಲಸಿದ್ದರಲ್ಲಿ ಅರ್ಧ ಲೀಟರ್ ಎತ್ತಿಟ್ಟಿದ್ದರೆ ಆ ಗೋಡೆಯಷ್ಟಕ್ಕೆ ಮೂಲೆಯಿಂದ ಮೂಲೆಗೆ ಒಂದು ಕೈ ಹೊಡೆಯಲು ಶುರುಮಾಡಬಹುದಿತ್ತು. ಈಗ ಹೊಸ ಡಬ್ಬಿಯನ್ನೇ ತರಬೇಕು.